ಅಪ್ಪನ ಪಾಸ್‌ಬುಕ್ಕಿನಲ್ಲಿ 10,800, ಬರಬೇಕಾಗಿದ್ದು 13,500

ಕಳೆದ ವರ್ಷ ಜೂನ್ ಕೊನೆಯಲ್ಲಿ ಬೆಂಗಳೂರಿನಿಂದ ಹಾಸನಕ್ಕೆ ಹೋಗಿದ್ದೆ. ಊಟ ಮುಗಿಸಿ ಕೂತಾಗ ಅಪ್ಪ ಒಂದು ಪಾಸ್‌ಬುಕ್ ತಂದು ಮುಂದಿಟ್ಟರು. "ಚನ್ನರಾಯಪಟ್ಟಣದ್ದು ಮೊದಲು ಮೂರು ತಿಂಗಳಿಗೆ 13,500 ಬರ್ತಿತ್ತು ಕಣೋ. ಹೋದ ವರ್ಷದಿಂದ 10,800 ಬರ್ತಿದೆ. ಬಡ್ಡಿ ರೇಟು ಇಳಿಸಿರಬೇಕು."

ಐದು ವರ್ಷದ ಎಫ್‌ಡಿಗೆ ಮಧ್ಯದಲ್ಲಿ ಬಡ್ಡಿ ಇಳಿಸೋಕೆ ಆಗಲ್ಲ. ಆದರೆ ಆ ಹೊತ್ತಿಗೆ ನನಗೂ ಅದು ಹೊಳೆಯಲಿಲ್ಲ. "ರಿಟರ್ನ್ಸ್ ಹಾಕುವಾಗ ನೋಡೋಣ ಬಿಡಿ" ಅಂದೆ. ನಾನು ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನ ರಿಟರ್ನ್ಸ್ ಅಂದರೆ ಕಂಪನಿ ಕೊಡುವ ಫಾರ್ಮ್ 16 ನೋಡಿ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಅಪ್ಪನದೂ ಹಾಗೇ ಅಂದುಕೊಂಡಿದ್ದೆ.

ಅಪ್ಪನಿಗೆ 68 ವರ್ಷ, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅವರು ಕೆಲಸ ಮಾಡಿದ ಊರುಗಳಲ್ಲೆಲ್ಲ ಒಂದೊಂದು ಖಾತೆ ಉಳಿದುಕೊಂಡಿದೆ. ಪಿಂಚಣಿ ಬೀಳುವ ಎಸ್‌ಬಿ ಖಾತೆ ಹಾಸನದಲ್ಲಿ. ಅದೇ ಬ್ಯಾಂಕಿನ ಹೊಳೆನರಸೀಪುರ ಶಾಖೆಯಲ್ಲಿ ಮೂರು ಲಕ್ಷದ ಎಫ್‌ಡಿ, ಶೇ. 7ರಂತೆ ಮೂರು ತಿಂಗಳಿಗೊಮ್ಮೆ ಬಡ್ಡಿ. ಅದೇ ಬ್ಯಾಂಕಿನ ಅರಕಲಗೂಡು ಶಾಖೆಯಲ್ಲಿ ಐದು ಲಕ್ಷದ ಇನ್ನೊಂದು ಎಫ್‌ಡಿ, ಇದರ ಬಡ್ಡಿ ಕೈಗೆ ಬರಲ್ಲ, ಅಸಲಿಗೇ ಸೇರಿಕೊಂಡು ಹೋಗುತ್ತೆ. ಕೊನೆಯದು ಚನ್ನರಾಯಪಟ್ಟಣದ್ದು, ಬೇರೆ ಬ್ಯಾಂಕು. ತೆಂಗಿನ ತೋಟದ ಪಾಲು ಮಾರಿ ಬಂದ ಏಳೂವರೆ ಲಕ್ಷವನ್ನು 2023ರ ಅಕ್ಟೋಬರಿನಲ್ಲಿ ಶೇ. 7.2ಕ್ಕೆ ಇಟ್ಟಿದ್ದರು.

ಇಲಾಖೆಯ ಪೋರ್ಟಲ್‌ಗೆ ಅಪ್ಪನ ಹೆಸರಲ್ಲಿ ಲಾಗಿನ್ ಆಗಿ 2024-25ರ ಎರಡು ಪಟ್ಟಿ ಇಳಿಸಿಕೊಂಡೆ. ಒಂದು ಫಾರ್ಮ್ 26AS. ಅಪ್ಪನ ಪ್ಯಾನ್ ಮೇಲೆ ಯಾರು ಎಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಿದ್ದಾರೆ ಅನ್ನುವುದು ಅದರಲ್ಲಿರುತ್ತೆ. ಇನ್ನೊಂದು AIS. ಟಿಡಿಎಸ್ ಹಿಡಿಯದ ಎಸ್‌ಬಿ ಬಡ್ಡಿಯೂ ಸೇರಿ ಬ್ಯಾಂಕುಗಳು ವರದಿ ಮಾಡಿದ ಆದಾಯ ಅದರಲ್ಲಿರುತ್ತೆ. ಇದನ್ನು ಏಪ್ರಿಲ್‌ನಲ್ಲೇ ನೋಡಿ ಪ್ರಯೋಜನವಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ಲೆಕ್ಕ ಸಲ್ಲಿಸಲು ಬ್ಯಾಂಕುಗಳಿಗೆ ಮೇ 31ರವರೆಗೆ ಗಡುವು, ಫಾರ್ಮ್ 16A ಪ್ರಮಾಣಪತ್ರ ಕೊಡಲು ಜೂನ್ 15ರವರೆಗೆ.

ಮೊದಲ ಗೊಂದಲ ಅಲ್ಲೇ ಶುರುವಾಯಿತು. 26ASನಲ್ಲಿ ಹಾಸನದ ಬ್ಯಾಂಕಿನ ಹೆಸರಿನ ಮುಂದೆ ಬಡ್ಡಿ 55,995, ಹಿಡಿದ ತೆರಿಗೆ 5,600 ಅಂತಿತ್ತು. ಅಪ್ಪ ಒಪ್ಪಲಿಲ್ಲ. "ಹಿರಿಯ ನಾಗರಿಕರಿಗೆ 50,000ದವರೆಗೂ ಹಿಡಿಯಲ್ಲ ಅಂತಾರೆ. ಹೊಳೆನರಸೀಪುರದಲ್ಲಿ ಬರೋದೇ 21,000. ಅರಕಲಗೂಡಿನಿಂದ ಒಂದು ಪೈಸೆ ಕೈಗೆ ಬಂದಿಲ್ಲ. ಇವರು 55,995 ಎಲ್ಲಿಂದ ತಂದ್ರು?"

ಮಿತಿ ಶಾಖೆಗೆ ಅಲ್ಲ, ಬ್ಯಾಂಕಿಗೆ. ಕೋರ್ ಬ್ಯಾಂಕಿಂಗ್ ಇರುವ ಬ್ಯಾಂಕು ತನ್ನ ಎಲ್ಲ ಶಾಖೆಗಳ ಠೇವಣಿ ಬಡ್ಡಿಯನ್ನು ಕೂಡಿಸಿಯೇ ನೋಡಬೇಕು. ಅರಕಲಗೂಡಿನ ಎಫ್‌ಡಿಯಲ್ಲಿ ಬಡ್ಡಿ ಕೈಗೆ ಬರದಿದ್ದರೂ ಆ ವರ್ಷ ಅದಕ್ಕೆ ಸೇರಿದ 34,995 ರೂಪಾಯಿ ಲೆಕ್ಕಕ್ಕೆ ಬರುತ್ತೆ. ಇದು ಪಾಸ್‌ಬುಕ್ಕಿನಲ್ಲಿ ಎಲ್ಲೂ ಕಾಣಲ್ಲ, ಬ್ಯಾಂಕು ಕೊಡುವ ಬಡ್ಡಿ ಪ್ರಮಾಣಪತ್ರದಲ್ಲಿ ಮಾತ್ರ ಇರುತ್ತೆ. 21,000ಕ್ಕೆ 34,995 ಸೇರಿಸಿದರೆ ಸರಿಯಾಗಿ 55,995. ಮಿತಿ ದಾಟಿದ ಮೇಲೆ ತೆರಿಗೆ ಹಿಡಿಯೋದು ಹೆಚ್ಚುವರಿ 5,995ಕ್ಕಲ್ಲ, ಪೂರ್ತಿ ಮೊತ್ತಕ್ಕೆ, ಶೇ. 10. ಹೊಳೆನರಸೀಪುರದ ಬಡ್ಡಿಯಲ್ಲಿ 2,100 ಮುರಿದುಕೊಂಡಿದ್ದರು. ಅರಕಲಗೂಡಿನ ಪಾಲಿನ 3,500ನ್ನು ಹಾಸನದ ಎಸ್‌ಬಿ ಖಾತೆಯಿಂದ ತೆಗೆದಿದ್ದರು. ಎರಡೂ ಸೇರಿ 5,600. ಬ್ಯಾಂಕಿನದು ತಪ್ಪಿರಲಿಲ್ಲ.

AISನಲ್ಲಿ ನನಗೇ ಇನ್ನೊಂದು ಗಾಬರಿಯಾಯಿತು. ಅದೇ 55,995 ಅಲ್ಲಿ ಎರಡು ಕಡೆ ಇತ್ತು: ಒಂದು ಕಡೆ TDS-194A ಅಂತ, ಇನ್ನೊಂದು ಕಡೆ SFT-016 ಅಂತ. ಇವು ಎರಡು ಬಡ್ಡಿಗಳಲ್ಲ. ಒಂದೇ ಬಡ್ಡಿಯನ್ನು ಬ್ಯಾಂಕು ಟಿಡಿಎಸ್ ಲೆಕ್ಕದಲ್ಲೂ ಹೇಳಿದೆ, ವಾರ್ಷಿಕ ವರದಿಯಲ್ಲೂ ಹೇಳಿದೆ. ಕೂಡಿಸಿದ್ದರೆ ಇಲ್ಲದ ಆದಾಯಕ್ಕೆ ಲೆಕ್ಕ ಕೊಟ್ಟಂತಾಗುತ್ತಿತ್ತು. ಹಾಸನದ ಎಸ್‌ಬಿ ಬಡ್ಡಿ 7,312 ಬೇರೆ ಸಾಲಿನಲ್ಲಿತ್ತು. ಎಸ್‌ಬಿ ಬಡ್ಡಿಗೆ ಟಿಡಿಎಸ್ ಇಲ್ಲ, ಹಾಗಾಗಿ ಅದು ಫಾರ್ಮ್ 16Aನಲ್ಲಿ ಬರಲ್ಲ. ರಿಟರ್ನ್ಸ್‌ನಲ್ಲಿ ಮಾತ್ರ ತೋರಿಸಲೇಬೇಕು.

ಇಲ್ಲಿಗೆ ಎಲ್ಲ ಹೊಂದಿಕೊಂಡಿತ್ತು. ಆದರೆ ಚನ್ನರಾಯಪಟ್ಟಣದ ಬ್ಯಾಂಕಿನ ಹೆಸರು 26ASನಲ್ಲೂ ಇಲ್ಲ, AISನಲ್ಲೂ ಇಲ್ಲ. ಏಳೂವರೆ ಲಕ್ಷದ ಠೇವಣಿ ಇಲಾಖೆಯ ಕಣ್ಣಿಗೇ ಬಿದ್ದಿಲ್ಲ.

ಸತ್ಯ ಹೇಳ್ತೀನಿ, "ಅವರಿಗೇ ಗೊತ್ತಿಲ್ಲ ಅಂದ್ರೆ ನಾವ್ಯಾಕೆ ಹೇಳಬೇಕು" ಅನ್ನುವ ಯೋಚನೆ ಒಂದು ಗಳಿಗೆ ಬಂತು. ಆಗ ಅಪ್ಪ ಹೇಳಿದ 10,800 ನೆನಪಾಯಿತು. ಒಂದು ಶೀಟ್ ತೆರೆದು ಠೇವಣಿಗೊಂದು ಸಾಲು ಬರೆದೆ. ಊರು, ಅಸಲು, ದರ, ರಸೀದಿಯ ಪ್ರಕಾರ ವರ್ಷಕ್ಕೆ ಬರಬೇಕಾದ ಬಡ್ಡಿ, ಖಾತೆಗೆ ಬಂದ ಹಣ. ಕೊನೆಯ ಕಲಂಗೆ ಇಷ್ಟು:

```
=1-E5/D5
```

ಚನ್ನರಾಯಪಟ್ಟಣದ ಸಾಲಿನಲ್ಲಿ ಬರಬೇಕಾದ್ದು 54,000, ಬಂದದ್ದು 43,200. ಉತ್ತರ 0.2. ಹೊಳೆನರಸೀಪುರದ ಸಾಲಿನಲ್ಲಿ 21,000ಕ್ಕೆ 18,900 ಬಂದಿತ್ತು, ಉತ್ತರ 0.1. ಕೈಗೆ ಬಂದ ಹಣ ಸರಿಯಾಗಿ ಹತ್ತನೇ ಒಂದು ಪಾಲು ಕಡಿಮೆ ಇದ್ದರೆ ಅದು ಮಾಮೂಲಿ ಟಿಡಿಎಸ್. ಸರಿಯಾಗಿ ಐದನೇ ಒಂದು ಪಾಲು ಕಡಿಮೆ ಇದ್ದರೆ ಬ್ಯಾಂಕಿನ ಹತ್ತಿರ ಸರಿಯಾದ ಪ್ಯಾನ್ ಇಲ್ಲ ಅಂತ ಅನುಮಾನ ಪಡಬೇಕು, ಯಾಕೆಂದರೆ ಪ್ಯಾನ್ ಇಲ್ಲದವರಿಗೆ ದರ ಶೇ. 20.

ಮೊದಲು ಪೂರ್ತಿ 13,500 ಬರುತ್ತಿದ್ದುದಕ್ಕೂ ಆಗ ಕಾರಣ ಸಿಕ್ಕಿತು. ಠೇವಣಿ ಇಟ್ಟಿದ್ದು ಅಕ್ಟೋಬರಿನಲ್ಲಿ. ಆ ಹಣಕಾಸು ವರ್ಷಕ್ಕೆ ಸಿಕ್ಕಿದ್ದು ಎರಡು ಕಂತು, 27,000. ಮಿತಿಯ ಒಳಗಿದ್ದದ್ದರಿಂದ ಏನೂ ಹಿಡಿದಿರಲಿಲ್ಲ. ಮುಂದಿನ ವರ್ಷ ನಾಲ್ಕು ಕಂತು, 54,000. ಮಿತಿ ದಾಟುತ್ತೆ ಅಂತ ಮೊದಲ ಕಂತಿನಿಂದಲೇ ತಲಾ 2,700 ಹಿಡಿದರು. ಒಟ್ಟು 10,800 ರೂಪಾಯಿ ಸರ್ಕಾರಕ್ಕೆ ಹೋಗಿದೆ, ಆದರೆ ಯಾರ ಹೆಸರಿಗೂ ಅಲ್ಲ.

ಸುಮ್ಮನಿದ್ದಿದ್ದರೆ 54,000 ಆದಾಯ ಮುಚ್ಚಿಟ್ಟ ತಪ್ಪೂ ನಮ್ಮದು, 10,800 ಕಳಕೊಂಡವರೂ ನಾವೇ. ಹಾಗಂತ 26ASನಲ್ಲಿ ಇಲ್ಲದ ಟಿಡಿಎಸ್ಸನ್ನು ರಿಟರ್ನ್ಸ್‌ನಲ್ಲಿ ಬರೆದರೆ ತಾಳೆಯಾಗಲ್ಲ, ಆ ಹಣ ಸಿಗಲ್ಲ. ಮೊದಲು ಬ್ಯಾಂಕಿನ ದಾಖಲೆ ಸರಿಯಾಗಬೇಕು.

ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಹಾಗಾಗಿ ಜುಲೈ ಮೊದಲ ಶನಿವಾರ ಅಪ್ಪನ ಜೊತೆ ಚನ್ನರಾಯಪಟ್ಟಣಕ್ಕೆ ಹೋದೆ. ಮ್ಯಾನೇಜರ್ ಹೆಣ್ಣುಮಗಳು, ತಾಳ್ಮೆಯಿಂದ ನೋಡಿದರು. "ಮೇಷ್ಟ್ರೇ, ನಿಮ್ಮ ಹೆಸರಲ್ಲಿ ಎರಡು ಕಸ್ಟಮರ್ ಐಡಿ ಇದೆ. ಒಂದು ತುಂಬ ಹಳೇದು, ಇನಿಷಿಯಲ್ ಬೇರೆ ಇದೆ. ಪ್ಯಾನ್ ಹತ್ತಿಸಿರೋದು ಹೊಸದಕ್ಕೆ, ಎಫ್‌ಡಿ ಕೂತಿರೋದು ಹಳೇದರ ಕೆಳಗೆ." ಅಪ್ಪ ಠೇವಣಿ ಇಡುವಾಗ ಪ್ಯಾನ್ ಜೆರಾಕ್ಸ್ ಕೊಟ್ಟಿದ್ದರು. ಅದು ಎಲ್ಲಿ ತಪ್ಪಿತು ಅಂತ ಕೆದಕಿ ಉಪಯೋಗವಿರಲಿಲ್ಲ.

"ಹಿಡಿದ ದುಡ್ಡು ನೀವೇ ವಾಪಸ್ ಕೊಡಿ" ಅಂದರು ಅಪ್ಪ. ಅದು ಆಗಲ್ಲ, ಸರ್ಕಾರಕ್ಕೆ ಕಟ್ಟಿಯಾಗಿದೆ. ಬ್ಯಾಂಕು ಮಾಡಬಹುದಾದ್ದು ಬೇರೆ. ಪ್ಯಾನ್ ಇಲ್ಲದ ಗ್ರಾಹಕರ ಸಾಲಿನಲ್ಲಿ ಅವರು ತಮ್ಮ ಟಿಡಿಎಸ್ ಲೆಕ್ಕದಲ್ಲಿ `PANNOTAVBL` ಅಂತ ತುಂಬಿರುತ್ತಾರೆ. ತಿದ್ದುಪಡಿ ಲೆಕ್ಕ ಸಲ್ಲಿಸಿ ಆ ಜಾಗಕ್ಕೆ ನಿಜವಾದ ಪ್ಯಾನ್ ಹಾಕಬಹುದು, ನಾಲ್ಕು ತ್ರೈಮಾಸಿಕಕ್ಕೂ ಬೇರೆ ಬೇರೆಯಾಗಿ. ನಾವು ಒಂದು ಅರ್ಜಿ ಬರೆದುಕೊಟ್ಟೆವು. ಅದರಲ್ಲಿ ಎಫ್‌ಡಿ ನಂಬರ್, ನಾಲ್ಕು ದಿನಾಂಕ, ಪ್ರತಿ ಸಲ ಹಿಡಿದ 2,700, ಜೊತೆಗೆ ಪ್ಯಾನ್ ಮತ್ತು ಪಾಸ್‌ಬುಕ್ ಪ್ರತಿ. ಎರಡು ಐಡಿಗಳನ್ನು ಒಂದು ಮಾಡಲು ಇನ್ನೊಂದು ಅರ್ಜಿ. ಎರಡಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಂಡೆವು.

ಆ ವರ್ಷ ರಿಟರ್ನ್ಸ್ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು, ಅದು ನಮಗೆ ಅನುಕೂಲವಾಯಿತು. ಎರಡು ಸಲ ಫೋನ್ ಮಾಡಿ ನೆನಪಿಸಿದೆ. ಆಗಸ್ಟ್ ಮೂರನೇ ವಾರ 26ASನಲ್ಲಿ ಹೊಸ ಹೆಸರು ಕಂಡಿತು. ಬಡ್ಡಿ 54,000, ತೆರಿಗೆ 10,800. ಸ್ಟೇಟಸ್ ಕಲಂನಲ್ಲಿ ನಾಲ್ಕೂ ಸಾಲಿಗೆ `F` ಇತ್ತು, ಅಂದರೆ ಕಟ್ಟಿದ ಹಣ ತಾಳೆಯಾಗಿದೆ ಅಂತ. ಅಲ್ಲಿ `U` ಇದ್ದಿದ್ದರೆ ಇನ್ನೂ ಕಾಯಬೇಕಿತ್ತು.

ಆಮೇಲಿನದು ಸುಲಭ. ಬಡ್ಡಿ ಆದಾಯ 7,312, 55,995 ಮತ್ತು 54,000, ಒಟ್ಟು 1,17,307. ಕೈಗೆ ಬಂದದ್ದು 43,200 ಆದರೂ ಬರೆಯಬೇಕಾದ್ದು ತೆರಿಗೆ ಹಿಡಿಯುವ ಮುಂಚಿನ 54,000. ಪಿಂಚಣಿ 4,20,000. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಬಡ್ಡಿ ಸೇರಿಸಿದರೆ 4,62,307. ಆ ವರ್ಷ ಏಳು ಲಕ್ಷದವರೆಗೆ ರಿಬೇಟ್ ಇದ್ದದ್ದರಿಂದ ತೆರಿಗೆ ಸೊನ್ನೆ. ಹಿರಿಯರ ಬಡ್ಡಿಗೆ 50,000 ವಿನಾಯಿತಿ ಕೊಡುವ 80TTB ಹಳೆ ಪದ್ಧತಿಯಲ್ಲಿ ಮಾತ್ರ ಸಿಗುತ್ತೆ. ಅಪ್ಪನಿಗೆ ಎರಡರಲ್ಲೂ ಸೊನ್ನೆಯೇ ಬಂದದ್ದರಿಂದ ಅದರ ಗೋಜಿಗೆ ಹೋಗಲಿಲ್ಲ. ಹಿಡಿದಿದ್ದ 5,600 ಮತ್ತು 10,800, ಒಟ್ಟು 16,400 ಪೂರ್ತಿ ವಾಪಸ್ ಬಂತು.

2025ರ ಏಪ್ರಿಲ್‌ನಿಂದ ಹಿರಿಯ ನಾಗರಿಕರಿಗೆ ಈ ಮಿತಿ ಬ್ಯಾಂಕಿಗೆ ಒಂದು ಲಕ್ಷ ಆಗಿದೆ, ಉಳಿದವರಿಗೆ 50,000. ಅಪ್ಪನ ಎರಡೂ ಬ್ಯಾಂಕು ಈಗ ಮಿತಿಯ ಒಳಗಿವೆ. ಮೊನ್ನೆ ಚನ್ನರಾಯಪಟ್ಟಣದಿಂದ 13,500 ಬಿದ್ದ ಮೆಸೇಜ್ ನೋಡಿ ಅಪ್ಪ ಫೋನ್ ಮಾಡಿದರು. "ಇನ್ಮೇಲೆ ಇದನ್ನ ರಿಟರ್ನ್ಸ್‌ನಲ್ಲಿ ತೋರಿಸೋದು ಬೇಡ ಅಲ್ವೇನೋ?"

"ಹಿಡಿಯಲ್ಲ ಅಷ್ಟೇ ಅಪ್ಪ, ತೋರಿಸಲೇಬೇಕು" ಅಂದೆ. ಶೀಟ್‌ನಲ್ಲಿ ಆ ಸಾಲು ಹಾಗೇ ಇದೆ. ಈ ಸಲ ಕೊನೆಯ ಕಲಂನಲ್ಲಿ ಸೊನ್ನೆ ಬರಬೇಕು.