ದ್ವಿಪದಿಯಲ್ಲೊಂದು ಪದ ಬದಲಿಸಿದಾಗ

ಎರಡು ಸಾಲಿನ ಪದ್ಯದಲ್ಲಿ ಒಂದೇ ಒಂದು ಪದ ತೆಗೆದು ಇನ್ನೊಂದನ್ನು ಕೂರಿಸುವುದು ಸುಲಭದ ಕೆಲಸ ಅನ್ನಿಸುತ್ತದೆ. ಛಂದಸ್ಸು ಕೆಡಬಾರದು, ಪ್ರಾಸವೂ ತಪ್ಪಬಾರದು ಎಂಬ ಕರಾರು ಹಾಕಿದರೆ ಮಾತ್ರ ಅದರ ಕಷ್ಟ ತಿಳಿಯುತ್ತದೆ. ಈ ಲೇಖನಕ್ಕೆಂದೇ ಕಟ್ಟಿದ ಒಂದು ದ್ವಿಪದಿಯನ್ನು ನೋಡಿ:

ಮಳೆಯಲಿ ನೆನೆಯಿತು ಬಾಗಿಲ ತೋರಣ
ಎಳೆಯರ ನಗೆಗಿದು ಸಾಲದೆ ಕಾರಣ

ಇಲ್ಲಿನ ಪ್ರತಿ ಪದಕ್ಕೂ ನಾಲ್ಕು ಮಾತ್ರೆ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಎರಡು ಮಾತ್ರೆ. ‘ಮಳೆಯಲಿ’ ನಾಲ್ಕೂ ಲಘು. ‘ಬಾಗಿಲ’ ಒಂದು ಗುರು, ಎರಡು ಲಘು. ಸಾಲಿಗೆ ಒಟ್ಟು 16 ಮಾತ್ರೆ.

ಮೊದಲು ನಡುವಿನ ಪದವೊಂದನ್ನು ಬದಲಿಸೋಣ. ‘ನೆನೆಯಿತು’ ಬೇಡ, ‘ಒದ್ದೆಯಾಯಿತು’ ಇರಲಿ ಎಂದರೆ ಏಳು ಮಾತ್ರೆಯಾಗಿ ಸಾಲು ಮುಗ್ಗರಿಸುತ್ತದೆ. ‘ತೊಯ್ದಿತು’ ಎಂದರೆ ಸರಿಹೋಗುತ್ತದೆ: ಒತ್ತಿನ ಹಿಂದಿರುವ ‘ತೊ’ ಗುರು, ಉಳಿದೆರಡು ಲಘು. ಅಕ್ಷರ ನಾಲ್ಕರಿಂದ ಮೂರಕ್ಕೆ ಇಳಿದರೂ ಮಾತ್ರೆ ನಾಲ್ಕೇ. ಮಾತ್ರಾ ಛಂದಸ್ಸಿನಲ್ಲಿ ಅಕ್ಷರ ಎಣಿಸಿ ಪದ ಹುಡುಕುವವರು ಎಡವುವುದು ಇಲ್ಲೇ. ‘ಬಾಗಿಲ’ ಜಾಗಕ್ಕೆ ‘ಹೊಸಿಲ’ ತಂದರೆ ಒಂದು ಮಾತ್ರೆ ಕಡಿಮೆ. ಅದೇ ಪದದ ಇನ್ನೊಂದು ರೂಪ ‘ಹೊಸ್ತಿಲ’ ತಂದರೆ ಲೆಕ್ಕ ಸರಿ. ಹೀಗೆ ಒಂದೇ ಪದಕ್ಕೆ ಎರಡು ರೂಪಗಳಿರುವುದು ಕವಿಗೆ ದೊಡ್ಡ ಅನುಕೂಲ. ಆದರೆ ತೋರಣ ಕಟ್ಟುವುದು ಬಾಗಿಲ ಮೇಲೆ, ಕಾಲಡಿಯ ಹೊಸ್ತಿಲಿಗಲ್ಲ. ಆದ್ದರಿಂದ ಈ ಬದಲಾವಣೆಯನ್ನು ಛಂದಸ್ಸು ಒಪ್ಪಿದರೂ ಅರ್ಥ ಒಪ್ಪುವುದಿಲ್ಲ.

ಸಾಲಿನ ಕೊನೆಗೆ ಬಂದರೆ ಕಟ್ಟು ಇನ್ನಷ್ಟು ಬಿಗಿ. ‘ತೋರಣ’ದ ಬದಲು ‘ಚಪ್ಪರ’ ಎಂದರೆ ಮಾತ್ರೆ ಸರಿ, ಅಂತ್ಯಪ್ರಾಸ ಹೋಯಿತು. ‘ಹೂರಣ’ ಎಂದರೆ ಮಾತ್ರೆಯೂ ಸರಿ, ಪ್ರಾಸವೂ ಸರಿ. ಹೋಳಿಗೆಯೊಳಗಿನ ಹೂರಣಕ್ಕೆ ಬಾಗಿಲಲ್ಲೇನು ಕೆಲಸ? ಎರಡನೆಯ ಸಾಲಿನ ‘ಕಾರಣ’ಕ್ಕೆ ‘ಪ್ರೇರಣೆ’ ತಂದರೆ ಎರಡು ತೊಡಕು. ಕೊನೆಯ ಸ್ವರ ಬದಲಾಗಿ ಪ್ರಾಸ ಸಡಿಲವಾಗುತ್ತದೆ. ಜೊತೆಗೆ ಪದದ ಮೊದಲಲ್ಲೇ ಒತ್ತಕ್ಷರ ಬಂದದ್ದರಿಂದ ಹಿಂದಿನ ‘ಸಾಲದೆ’ಯ ‘ದೆ’ ಗುರುವಾಗಲು ಹೊರಡುತ್ತದೆ. ಕನ್ನಡ ಕವಿಗಳು ಎಷ್ಟೋ ಕಡೆ ಇಂಥ ಒತ್ತನ್ನು ತೇಲಿಸಿ ಓದಿ ಹಿಂದಿನ ಅಕ್ಷರವನ್ನು ಲಘುವಾಗಿಯೇ ಉಳಿಸಿಕೊಂಡಿದ್ದಾರೆ. ಆದರೂ ಸಾಲನ್ನು ಗಟ್ಟಿಯಾಗಿ ಹೇಳಿ ನೋಡದೆ ಅದನ್ನು ನಂಬುವಂತಿಲ್ಲ. ಬದಲಿಸಿದ್ದು ಒಂದು ಪದವಾದರೂ ಪಕ್ಕದ್ದನ್ನೂ ಪರೀಕ್ಷಿಸಲೇಬೇಕು.

ಎಲ್ಲಕ್ಕಿಂತ ಬಿಗಿ ಇರುವುದು ಸಾಲಿನ ಮೊದಲ ಪದದಲ್ಲಿ, ಆದಿಪ್ರಾಸದ ನೆಲೆಯಲ್ಲಿ. ಎರಡನೆಯ ಅಕ್ಷರದ ವ್ಯಂಜನ ಎಲ್ಲ ಸಾಲುಗಳಲ್ಲೂ ಒಂದೇ ಇರಬೇಕೆಂಬುದು ಹಳೆಯ ಕನ್ನಡ ಕಾವ್ಯದ ಕಟ್ಟುಪಾಡು. ನಮ್ಮ ದ್ವಿಪದಿಯಲ್ಲಿ ಅದು ‘ಳ’. ‘ಎಳೆಯರ’ ಎಂಬುದಕ್ಕೆ ಥಟ್ಟನೆ ಹೊಳೆಯುವ ಬದಲಿ ‘ಮಕ್ಕಳ’. ಅರ್ಥ ಅದೇ, ನಾಲ್ಕು ಮಾತ್ರೆಯೂ ಇದೆ; ಆದರೆ ಎರಡನೆಯ ಅಕ್ಷರ ‘ಕ್ಕ’, ಆದಿಪ್ರಾಸ ಮುರಿಯಿತು. ‘ಬಾಳಿನ’ ಎಂದರೆ? ‘ಳ’ ಇದೆ, ಮಾತ್ರೆಯೂ ನಾಲ್ಕು. ಆದರೂ ತಪ್ಪೇ, ಏಕೆಂದರೆ ಪ್ರಾಸಾಕ್ಷರದ ಹಿಂದೆ ಒಂದು ಸಾಲಿನಲ್ಲಿ ಲಘುವಿದ್ದರೆ ಉಳಿದವುಗಳಲ್ಲೂ ಲಘುವೇ ಇರಬೇಕು. ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ. ಒಂದು ಪದ್ಯದಲ್ಲಿ ಇವೆರಡನ್ನು ಬೆರೆಸುವಂತಿಲ್ಲ. ‘ಗೆಳೆಯರ’ ಎಂದರೆ ಎಲ್ಲ ಕರಾರೂ ಈಡೇರುತ್ತದೆ. ಆದರೆ ನಗುವವರು ಮಕ್ಕಳಿಂದ ಸ್ನೇಹಿತರಾಗಿಬಿಡುತ್ತಾರೆ. 1911ರಲ್ಲಿ ಮಂಜೇಶ್ವರ ಗೋವಿಂದ ಪೈಗಳು ಈ ಆದಿಪ್ರಾಸವನ್ನೇ ಕೈಬಿಟ್ಟು ಬರೆಯಲು ಹೊರಟರು. ಅದು ಎಂಥ ಸಾಹಸವೆಂಬುದು ಈ ಒಂದು ಪದದ ಪಾಡು ಕಂಡವರಿಗೆ ಅರ್ಥವಾದೀತು.

ಇದೇ ಕಟ್ಟುಪಾಡು ಓಲೆಗರಿಯ ಪ್ರತಿಗಳನ್ನು ಓದಿ ಹಳೆಯ ಕಾವ್ಯಗಳನ್ನು ಸಂಪಾದಿಸುವವರ ನೆರವಿಗೂ ಬರುತ್ತದೆ. ಲಿಪಿಕಾರ ಗೊತ್ತಿಲ್ಲದ ಪದದ ಜಾಗದಲ್ಲಿ ಗೊತ್ತಿರುವುದನ್ನು ಬರೆದಿದ್ದರೆ, ‘ಎಳೆಯರ’ ಹೋಗಿ ‘ಮಕ್ಕಳ’ ಬಂದಂತೆ, ಪ್ರಾಸ ತಪ್ಪಿ ಅನುಮಾನ ಏಳುತ್ತದೆ. ಆದ್ದರಿಂದ ಸಾಲಿನ ಆರಂಭದಲ್ಲಾದ ತಪ್ಪು ಬೇಗ ಸಿಕ್ಕಿಬೀಳುತ್ತದೆ. ನಡುವೆ ‘ನೆನೆಯಿತು’ ಹೋಗಿ ‘ತೊಯ್ದಿತು’ ಬಂದಿದ್ದರೆ ಛಂದಸ್ಸು ಬಾಯಿ ಬಿಡುವುದಿಲ್ಲ. ಮೊದಲಲ್ಲೇ ‘ಎಳೆಯರ’ ಹೋಗಿ ‘ಗೆಳೆಯರ’ ಆಗಿದ್ದರೂ ಅಷ್ಟೇ. ಅಂಥ ಕಡೆ ಯಾವುದು ಕವಿಯ ಪದವೆಂದು ತೀರ್ಮಾನಿಸಲು ಬೇರೆ ಪ್ರತಿಗಳನ್ನು ತೆರೆದು ಪಾಠಾಂತರಗಳನ್ನು ಹೋಲಿಸಲೇಬೇಕಾಗುತ್ತದೆ.