ವಾಕಿಂಗ್ ಸಾಲದು, ಎರಡು ಇಡ್ಲಿಯೂ ಸಾಲದು

ಮುಟ್ಟು ನಿಂತ ಮೇಲೆ ದಿನಾ ತಪ್ಪದೆ ವಾಕಿಂಗ್ ಹೋಗುವ ಹೆಂಗಸರಿಗೆ ಮೂಳೆ ಪರೀಕ್ಷೆಯ ವರದಿ ನೋಡಿ ಅಚ್ಚರಿಯಾಗುವುದುಂಟು. ಇಷ್ಟು ನಡೆದರೂ ಮೂಳೆ ಸವೆದಿದೆಯಲ್ಲ! ನಡಿಗೆ ಹೃದಯಕ್ಕೆ, ಸಕ್ಕರೆಯ ಹತೋಟಿಗೆ ಒಳ್ಳೆಯದೇ. ಆದರೆ ದಿನವೂ ಹೊತ್ತು ರೂಢಿಯಾದ ಭಾರಕ್ಕೆ ಮೂಳೆ ಹೊಸದಾಗಿ ಗಟ್ಟಿಯಾಗುವುದಿಲ್ಲ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ಹದ್ದಿನಲ್ಲಿಟ್ಟಿದ್ದುದು ಈಸ್ಟ್ರೋಜನ್. ಅದು ಇಳಿದಾಗ ಕರಗುವ ವೇಗಕ್ಕೆ ಕಟ್ಟುವ ವೇಗ ಸಾಟಿಯಾಗುವುದಿಲ್ಲ.

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮುಟ್ಟು ನಿಂತ, ಮೂಳೆ ಸವೆದ 101 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆಸಿದರು. ಒಂದು ಗುಂಪಿನವರು ತರಬೇತುದಾರರ ಕಣ್ಗಾವಲಿನಲ್ಲಿ ವಾರಕ್ಕೆ ಎರಡು ದಿನ, ಅರ್ಧ ಗಂಟೆ ವ್ಯಾಯಾಮ ಮಾಡಿದರು. ನೆಲದಿಂದ ಭಾರ ಎತ್ತುವುದು, ಹೆಗಲ ಮೇಲೆ ಭಾರವಿಟ್ಟು ಕುಳಿತೇಳುವುದು, ತಲೆಯ ಮೇಲಕ್ಕೆ ಎತ್ತುವುದು, ಜೊತೆಗೆ ಹಾರಿ ಇಳಿಯುವುದು. ಐದೈದು ಸಲ ಮಾತ್ರ ಎತ್ತಲು ಆಗುವಷ್ಟು ಭಾರ. ಎಂಟು ತಿಂಗಳಲ್ಲಿ ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇ. 2.9ರಷ್ಟು ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ. 1.2ರಷ್ಟು ಇಳಿಯಿತು. ಮೊದಲ ತಿಂಗಳಿಡೀ ಹಗುರ ಭಾರದಲ್ಲಿ ಭಂಗಿ ಕಲಿಸಿದ್ದರು ಎಂಬುದನ್ನು ಮರೆಯಬಾರದು. ಯೂಟ್ಯೂಬ್ ನೋಡಿ ನೇರವಾಗಿ ಭಾರ ಎತ್ತಲು ಹೋಗುವುದು ಬೇಡ. ಬೆನ್ನುಮೂಳೆ ಈಗಾಗಲೇ ಮುರಿದವರು ವೈದ್ಯರನ್ನು ಕೇಳದೆ ಶುರುಮಾಡಬಾರದು.

ಭಾರ ಎತ್ತಿದರೆ ಸ್ನಾಯುವೂ ಬೆಳೆಯಬೇಕು, ಅದಕ್ಕೆ ಪ್ರೊಟೀನ್ ಬೇಕು. ವಯಸ್ಸಾದಂತೆ ಸ್ನಾಯು ಸ್ವಲ್ಪ ಮಂದಗಿವಿಯದಾಗುತ್ತದೆ: ಒಂದು ಹೊತ್ತಿಗೆ ಎಂಟು ಹತ್ತು ಗ್ರಾಂ ಸಿಕ್ಕರೆ ಹೆಚ್ಚು ಸ್ಪಂದಿಸುವುದಿಲ್ಲ, ಇಪ್ಪತ್ತೈದರ ಆಸುಪಾಸು ಸಿಕ್ಕರೆ ಕೆಲಸ ಶುರುಮಾಡುತ್ತದೆ. ವ್ಯಾಯಾಮ ಮಾಡುವ ಹಿರಿಯರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ 1.2 ಗ್ರಾಂ ಎಂಬುದು ತಜ್ಞರ ಲೆಕ್ಕ. 60 ಕಿಲೋ ತೂಕದವರಿಗೆ 72 ಗ್ರಾಂ, ಅಂದರೆ ಮೂರು ಹೊತ್ತಿಗೆ 24ರಂತೆ.

ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಈ ಲೆಕ್ಕ ತಪ್ಪುವುದು ಬೆಳಗಿನ ತಿಂಡಿಯಲ್ಲೇ. ಎರಡು ಇಡ್ಲಿ, ತೆಳು ಸಾಂಬಾರ್, ಕಾಫಿ ಸೇರಿದರೂ ಹತ್ತು ಗ್ರಾಂ ದಾಟುವುದು ಕಷ್ಟ. ಉಪ್ಪಿಟ್ಟು, ಅವಲಕ್ಕಿಯದೂ ಇದೇ ಪಾಡು. ಅದರ ಬದಲು 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ (12 ಗ್ರಾಂ), 25 ಗ್ರಾಂ ಶೇಂಗಾದ ಚಟ್ನಿ (6 ಗ್ರಾಂ), ಒಂದು ಲೋಟ ಹಾಲು (6 ಗ್ರಾಂ) ಇಟ್ಟರೆ ಅಲ್ಲಿಗೆ 24. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ, ಒಂದರಲ್ಲಿ 6 ಗ್ರಾಂ. ಮಧ್ಯಾಹ್ನದ ಸಾರಿನಲ್ಲಿ ಬೇಳೆ ತಳದಲ್ಲಿರುತ್ತದೆ, ನಮ್ಮ ಹೆಂಗಸರು ಬಡಿಸಿಕೊಳ್ಳುವುದು ಮೇಲಿನ ತಿಳಿಯನ್ನು. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ಪ್ರೊಟೀನ್ ತಿನ್ನಬೇಕು.

ಸ್ನಾಯುಬಲ ಕುಗ್ಗಿದೆಯೇ ಎಂದು ಮನೆಯಲ್ಲೇ ತಿಳಿಯಬಹುದು. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಿ. 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಮಾತ್ರೆ ಹುಡುಕುವ ಮುಂಚೆ ಅದೇ ಕುರ್ಚಿಯಲ್ಲಿ ವಾರಕ್ಕೆರಡು ದಿನ ಎದ್ದು ಕೂರುವ ಅಭ್ಯಾಸ ಹಿಡಿಯಿರಿ. ಸಲೀಸಾದ ಮೇಲೆ ಎರಡೂ ಕೈಗೆ ನೀರು ತುಂಬಿದ ಬಾಟಲಿ ಬರಲಿ.