ರೆಟ್ರೊ ಮುಗಿದ ಮೇಲೆ ಬರೆಯುವ ಎರಡು ಸಾಲು

ಸಾಫ್ಟ್‌ವೇರ್ ತಂಡಗಳಲ್ಲಿ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಒಂದು ಮೀಟಿಂಗ್ ನಡೆಯುತ್ತದೆ. ಅದರ ಪೂರ್ತಿ ಹೆಸರು ಸ್ಪ್ರಿಂಟ್ ರೆಟ್ರೊಸ್ಪೆಕ್ಟಿವ್. ಬೆಂಗಳೂರಿನ ಆಫೀಸುಗಳಲ್ಲಿ ಬರೀ ‘ರೆಟ್ರೊ’ ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಈ ಎರಡು ವಾರ ಕೆಲಸ ಹೇಗೆ ಸಾಗಿತು, ಎಲ್ಲಿ ತೊಡಕಾಯಿತು, ಮುಂದಿನ ಸಲ ಏನು ಬದಲಿಸಬೇಕು ಎಂದು ತಂಡದವರೇ ಕೂತು ಮಾತಾಡಿಕೊಳ್ಳುತ್ತಾರೆ. ಮಾತು ಸಾಧಾರಣವಾಗಿ ಚೆನ್ನಾಗಿಯೇ ನಡೆಯುತ್ತದೆ. ಕೆಡುವುದು ಕೊನೆಯ ಹತ್ತು ನಿಮಿಷದಲ್ಲಿ, ಆಡಿದ ಮಾತನ್ನು ಬರಹಕ್ಕೆ ಇಳಿಸುವಾಗ.

ಈ ಪದ್ಧತಿಯ ಹಿನ್ನೆಲೆ ಸ್ವಲ್ಪ ತಿಳಿದಿರಲಿ. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಸೇರಿದ 17 ಮಂದಿ ಸಾಫ್ಟ್‌ವೇರ್ ಪರಿಣತರು ‘ಅಜೈಲ್ ಮ್ಯಾನಿಫೆಸ್ಟೊ’ ಬರೆದರು. ಅದರ ಜೊತೆಗಿರುವ 12 ತತ್ವಗಳಲ್ಲಿ ಕೊನೆಯದು ಇದೇ ವಿಷಯದ್ದು: ತಂಡ ಆಗಾಗ ನಿಂತು ತನ್ನ ಕೆಲಸದ ರೀತಿಯನ್ನು ತಾನೇ ನೋಡಿಕೊಳ್ಳಬೇಕು, ತಿದ್ದಿಕೊಳ್ಳಬೇಕು. ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲೆಂಡ್ ರೂಪಿಸಿದ ‘ಸ್ಕ್ರಮ್’ ವಿಧಾನ ಅದಕ್ಕೊಂದು ನಿಗದಿತ ಜಾಗ ಕೊಟ್ಟಿದೆ. ಸ್ಕ್ರಮ್‌ನಲ್ಲಿ ಕೆಲಸವನ್ನು ಒಂದು ತಿಂಗಳಿಗೆ ಮೀರದ ಕಂತುಗಳಾಗಿ ಒಡೆಯುತ್ತಾರೆ. ಒಂದೊಂದು ಕಂತೂ ಒಂದು ಸ್ಪ್ರಿಂಟ್. ಪ್ರತಿ ಸ್ಪ್ರಿಂಟಿನ ಕೊನೆಯ ಕಾರ್ಯಕ್ರಮವೇ ರೆಟ್ರೊ. ತಿಂಗಳ ಸ್ಪ್ರಿಂಟಿಗಾದರೂ ಅದು ಮೂರು ಗಂಟೆ ಮೀರಬಾರದು.

ಈಗ ಒಂದು ತಂಡವನ್ನು ಊಹಿಸಿಕೊಳ್ಳೋಣ. ಡಾಕ್ಟರ ಅಪಾಯಿಂಟ್‌ಮೆಂಟ್ ಪಡೆಯುವ ಮೊಬೈಲ್ ಆ್ಯಪ್ ಕಟ್ಟುತ್ತಿರುವ ತಂಡ. ನಾಲ್ವರು ಡೆವಲಪರ್‌ಗಳು, ಇಬ್ಬರು ಟೆಸ್ಟರ್‌ಗಳು, ಏನು ಬೇಕೆಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್, ಎಲ್ಲ ಸುಸೂತ್ರವಾಗಿ ನಡೆಯುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್. ಸ್ಪ್ರಿಂಟ್ ಮಾರ್ಚ್ 3ರ ಸೋಮವಾರ ಶುರುವಾಗಿ 14ರ ಶುಕ್ರವಾರ ಮುಗಿಯಿತು. ಕೈಗೆತ್ತಿಕೊಂಡ ಕೆಲಸಗಳು 9, ಪೂರ್ತಿ ಮುಗಿದವು 5. ಉಳಿದ 4 ಟೆಸ್ಟಿಂಗ್ ಹಂತದಲ್ಲೇ ನಿಂತವು. ಸಂಜೆಯ ರೆಟ್ರೊದಲ್ಲಿ ಎಲ್ಲರೂ ಚೀಟಿ ಬರೆದು ಬೋರ್ಡಿಗೆ ಅಂಟಿಸಿದರು. ಮೀಟಿಂಗ್ ಮುಗಿಯುವ ಹೊತ್ತಿಗೆ ಸಾರಾಂಶ ಹೀಗೆ ಸಿದ್ಧವಾಯಿತು:

“ಟೆಸ್ಟಿಂಗ್ ಬೇಗ ಶುರು ಮಾಡಬೇಕು. ಹೊಣೆ: ಇಡೀ ತಂಡ. ಗಡುವು: ಆದಷ್ಟು ಬೇಗ.”

“ಟೆಸ್ಟ್ ಸರ್ವರ್ ಕೆಡದಂತೆ ನೋಡಿಕೊಳ್ಳಬೇಕು. ಹೊಣೆ: ಸ್ಕ್ರಮ್ ಮಾಸ್ಟರ್. ಗಡುವು: ಮುಂದಿನ ಸ್ಪ್ರಿಂಟ್.”

ನೋಡಲು ಎಲ್ಲ ಇದೆ. ಕೆಲಸ ಇದೆ, ಹೊಣೆ ಇದೆ, ಗಡುವೂ ಇದೆ. ಆದರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದವರು ಇದನ್ನು ಓದಿ ಏನು ಮಾಡಬೇಕು? ಟೆಸ್ಟಿಂಗ್ ಬೇಗ ಶುರು ಮಾಡುವುದು ಯಾರ ಕೈಲೂ ಇಲ್ಲ, ಏಕೆಂದರೆ ಅದು ತಡವಾಗುತ್ತಿರುವುದು ಏಕೆಂದು ಯಾರೂ ಕೇಳಲಿಲ್ಲ. ಆ ಸಾಲಿನಲ್ಲಿರುವುದು ಬರೀ ಆಸೆ.

ಅದೇ ತಂಡ ಇನ್ನೂ ಇಪ್ಪತ್ತು ನಿಮಿಷ ಕೂತು ಒಂದೊಂದಾಗಿ ‘ಏಕೆ’ ಎಂದು ಕೇಳಿಕೊಂಡಿದ್ದರೆ ಏನಾಗುತ್ತಿತ್ತು ನೋಡಿ. ನಾಲ್ಕು ಕೆಲಸ ನಿಂತದ್ದೇಕೆ? ಟೆಸ್ಟರ್‌ಗಳ ಕೈಗೆ ಅವು ಬಂದದ್ದೇ 12ರ ಬುಧವಾರ ಸಂಜೆ. ಬುಧವಾರದವರೆಗೆ ತಡವೇಕೆ, ಕೋಡ್ ಬರೆದು ಮುಗಿದಿರಲಿಲ್ಲವೇ? ಮುಗಿದಿತ್ತು, 7ರ ಶುಕ್ರವಾರವೇ. ಹಾಗಾದರೆ ನಡುವಿನ ದಿನಗಳಲ್ಲಿ ಅದೆಲ್ಲಿತ್ತು? ಕೋಡ್ ರಿವ್ಯೂಗೆ ಕಾಯುತ್ತಿತ್ತು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೇ ಅದು ಮುಂದಕ್ಕೆ ಹೋಗುತ್ತದೆ. ಈ ತಂಡದಲ್ಲಿ ಒಪ್ಪಿಗೆ ಕೊಡುವ ಅಧಿಕಾರ ಇದ್ದದ್ದು ಸೀನಿಯರ್ ಡೆವಲಪರ್ ಒಬ್ಬರಿಗೇ. ಉಳಿದ ಮೂವರು ಹೊಸಬರಾಗಿದ್ದಾಗ ಮಾಡಿದ್ದ ಏರ್ಪಾಡದು. ಅವರು ಪಳಗಿದ ಮೇಲೂ ಬದಲಾಗಿರಲಿಲ್ಲ. ಸಾಲದ್ದಕ್ಕೆ 13ರ ಗುರುವಾರ ಟೆಸ್ಟ್ ಸರ್ವರ್ ಇಡೀ ದಿನ ಕೆಟ್ಟಿತ್ತು. ಟೆಸ್ಟರ್‌ಗಳಿಗೆ ಉಳಿದದ್ದು ಶುಕ್ರವಾರ ಒಂದೇ.

ಈಗ ಚಿತ್ರವೇ ಬೇರೆ. ತೊಡಕು ಟೆಸ್ಟಿಂಗ್‌ನಲ್ಲಿ ಇರಲೇ ಇಲ್ಲ, ಅದರ ಹಿಂದಿನ ಹೆಜ್ಜೆಯಲ್ಲಿತ್ತು. “ಟೆಸ್ಟಿಂಗ್ ಬೇಗ ಶುರು ಮಾಡಬೇಕು” ಎಂಬ ಸಾಲನ್ನು ತಂಡ ಎಷ್ಟೇ ಶ್ರದ್ಧೆಯಿಂದ ಪಾಲಿಸಿದರೂ ಮುಂದಿನ ಸಲವೂ ಅದೇ ಬುಧವಾರ ಸಂಜೆ ಬರುತ್ತಿತ್ತು. ಹಾಗಾಗಿ ಮೊದಲ ಸಾಲನ್ನು ಹೀಗೆ ತಿದ್ದಬೇಕು:

“ಹಣ ಪಾವತಿಯ ಭಾಗ ಬಿಟ್ಟು ಉಳಿದ ಕೋಡಿಗೆ ನಾಲ್ವರು ಡೆವಲಪರ್‌ಗಳಲ್ಲಿ ಯಾರಾದರೂ ಒಪ್ಪಿಗೆ ಕೊಡಬಹುದಾದಂತೆ ಸೆಟ್ಟಿಂಗ್ ಬದಲಿಸುವುದು. ಹೊಣೆ: ಬುಕಿಂಗ್ ಪುಟ ಬರೆಯುತ್ತಿರುವ ಡೆವಲಪರ್. ಗಡುವು: ಮಾರ್ಚ್ 19, ಬುಧವಾರ. ಗುರುತು: ಸೀನಿಯರ್ ಅಲ್ಲದವರ ಒಪ್ಪಿಗೆಯಿಂದ ಒಂದು ಬದಲಾವಣೆಯಾದರೂ ಮುಂದಕ್ಕೆ ಹೋಗಿರಬೇಕು.”

ನಿಜವಾದ ಪಟ್ಟಿಯಲ್ಲಿ ಹೊಣೆಯ ಜಾಗದಲ್ಲಿ ಆ ಡೆವಲಪರ್ ಹೆಸರೇ ಇರುತ್ತದೆ. ಆ ಹೆಸರು ಯಾರದಾಗಬೇಕು ಎಂಬುದು ಸೂಕ್ಷ್ಮ ವಿಚಾರ. ತಟ್ಟನೆ ಹೊಳೆಯುವುದು ಸೀನಿಯರ್ ಹೆಸರು: “ಅವರು ರಿವ್ಯೂ ಬೇಗ ಮಾಡಲಿ.” ಹಾಗೆ ಬರೆದ ಕೂಡಲೇ ಅದು ಆರೋಪಪಟ್ಟಿಯಾಗುತ್ತದೆ. ಎರಡು ವಾರ ಎಲ್ಲರ ಕೋಡನ್ನೂ ಒಬ್ಬರೇ ಓದಿ ದಣಿದವರ ತಲೆಯ ಮೇಲೆ ತಪ್ಪನ್ನೂ ಹೊರಿಸಿದಂತಾಗುತ್ತದೆ. ಕಾದು ಕಾದು ಬೇಸತ್ತವರಿಗೆ, ಅಂದರೆ ಆ ಬದಲಾವಣೆ ಬೇಕೇ ಬೇಕು ಅನ್ನುವವರಿಗೆ ಹೊಣೆ ಕೊಡುವುದು ಒಳ್ಳೆಯದು. ಸೆಟ್ಟಿಂಗ್ ಬದಲಿಸುವ ಅಧಿಕಾರ ಸೀನಿಯರ್ ಬಳಿ ಇದ್ದರೆ ಆ ಕೆಲಸ ಅವರೇ ಮಾಡಲಿ. ಹೊಣೆ ಹೊತ್ತವರು ಅವರ ಪಕ್ಕ ಹೋಗಿ ಕೂತು ಮಾಡಿಸಿಕೊಂಡು ಬರಬೇಕು, ಬುಧವಾರದ ಸ್ಟ್ಯಾಂಡಪ್‌ನಲ್ಲಿ “ಆಯ್ತು” ಅಥವಾ “ಆಗಿಲ್ಲ” ಎಂದು ಹೇಳಬೇಕು. ಹೊಣೆ ಅಂದರೆ ಅಷ್ಟೇ. ಎಲ್ಲವನ್ನೂ ಒಬ್ಬರೇ ಮಾಡಬೇಕೆಂದಿಲ್ಲ.

ಹೆಸರು ಒಂದೇ ಇರಬೇಕು. ಎರಡು ಹೆಸರು ಬರೆದರೆ ಇವರು ಮಾಡುತ್ತಾರೆಂದು ಅವರು, ಅವರು ಮಾಡುತ್ತಾರೆಂದು ಇವರು ಸುಮ್ಮನಿರುತ್ತಾರೆ. “ಇಡೀ ತಂಡ” ಅಂದರಂತೂ ಯಾರೂ ಇಲ್ಲ ಅಂದ ಹಾಗೆಯೇ. ರಜೆಯಲ್ಲಿರುವವರ ಹೆಸರನ್ನು ಅವರಿಲ್ಲದಾಗ ಬರೆಯಬಾರದು. “ನಾನು ನೋಡ್ಕೋತೀನಿ” ಎಂದು ಅವರ ಬಾಯಿಂದಲೇ ಬರಬೇಕು.

ಹೆಸರಿನ ವಿಷಯದಲ್ಲಿ ಇನ್ನೊಂದು ನಿಯಮವನ್ನು ನಾನು ಬಲವಾಗಿ ನಂಬುತ್ತೇನೆ: ಕೆಲಸದ ಮುಂದೆ ಹೆಸರು ಇರಲಿ, ಸಮಸ್ಯೆಯ ಮುಂದೆ ಬೇಡ. ನಾರ್ಮನ್ ಕರ್ತ್ 2001ರ ತಮ್ಮ ಪುಸ್ತಕದಲ್ಲಿ ರೆಟ್ರೊಗೆಂದೇ ಒಂದು ಮೂಲ ಸೂತ್ರ ಕೊಟ್ಟರು. ಅವತ್ತಿಗೆ ತಿಳಿದಿದ್ದಷ್ಟರಲ್ಲಿ, ಕೈಲಿದ್ದ ಅನುಕೂಲದಲ್ಲಿ, ಪ್ರತಿಯೊಬ್ಬರೂ ತಮ್ಮಿಂದಾದ ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆಂದು ಒಪ್ಪಿಕೊಂಡು ಮಾತಿಗೆ ಕೂರಬೇಕು ಎಂಬುದು ಅದರ ಸಾರ. ಎಷ್ಟೋ ತಂಡಗಳು ಅದನ್ನು ಮೀಟಿಂಗ್ ಆರಂಭದಲ್ಲಿ ಓದುತ್ತವೆ. ಆದರೆ ಸಾರಾಂಶ ಮೇಲ್ ಆಗಿ ಮ್ಯಾನೇಜರ್‌ವರೆಗೂ ಹೋಗುತ್ತದೆ. ಅದರಲ್ಲಿ “ಇಂಥವರ ರಿವ್ಯೂ ತಡವಾದ್ದರಿಂದ” ಎಂದು ಇದ್ದರೆ, ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಆ ವಾಕ್ಯ ಎದ್ದು ಬರಬಹುದು ಎಂಬ ಭಯ ಶುರುವಾಗುತ್ತದೆ. ಮುಂದಿನ ಸಲ ಬೋರ್ಡಿನ ಮೇಲೆ “ಎಲ್ಲ ಚೆನ್ನಾಗಿತ್ತು” ಎಂಬ ಚೀಟಿಗಳೇ ತುಂಬುತ್ತವೆ. ಆದ್ದರಿಂದ ಹೊರಗೆ ಹೋಗುವ ಬರಹದಲ್ಲಿ “ರಿವ್ಯೂ ಒಂದೇ ಕಡೆ ಸೇರುತ್ತಿತ್ತು” ಎಂದಿದ್ದರೆ ಸಾಕು.

ಇನ್ನು ಗಡುವು. ಹೆಚ್ಚಿನ ಪಟ್ಟಿಗಳಲ್ಲಿ ಎಲ್ಲ ಕೆಲಸಕ್ಕೂ ಒಂದೇ ತಾರೀಕು ಇರುತ್ತದೆ, ಮುಂದಿನ ಸ್ಪ್ರಿಂಟಿನ ಕೊನೆಯ ದಿನ. ನಮ್ಮ ತಂಡದ ಲೆಕ್ಕದಲ್ಲಿ ಅದು ಮಾರ್ಚ್ 28. ಇದರ ತೊಂದರೆ ಏನೆಂದರೆ, ಸೆಟ್ಟಿಂಗ್ ಬದಲಾಗುವುದು 28ಕ್ಕಾದರೆ ಅದರಿಂದ ಪ್ರಯೋಜನವಾಯಿತೇ ಎಂದು ಅದೇ ದಿನದ ರೆಟ್ರೊದಲ್ಲಿ ಹೇಳಲು ಆಗುವುದಿಲ್ಲ. ಫಲ ಕಾಣಲು ದಿನಗಳು ಬೇಕು. ಆದ್ದರಿಂದ ತಾರೀಕುಗಳು ಎರಡು: ಬದಲಾವಣೆ ಮುಗಿಯಬೇಕಾದದ್ದು 19ಕ್ಕೆ, ಅದರ ಫಲ ನೋಡುವುದು 28ಕ್ಕೆ. ಕೋಡ್ ರಿವ್ಯೂಗೆ ಬಂದ ಹೊತ್ತು, ಒಪ್ಪಿಗೆ ಸಿಕ್ಕ ಹೊತ್ತು ಎರಡೂ ಸಿಸ್ಟಮ್‌ನಲ್ಲೇ ದಾಖಲಾಗಿರುತ್ತವೆ. 28ರಂದು ಅವನ್ನು ತೆಗೆದು ನೋಡಿದರೆ ಆಯಿತು, ಯಾರ ಅಭಿಪ್ರಾಯವನ್ನೂ ಕೇಳಬೇಕಾಗಿಲ್ಲ.

ಎರಡನೆಯ ಸಾಲು, ಅಂದರೆ ಸರ್ವರ್ ವಿಷಯ, ಇನ್ನೂ ಕಷ್ಟದ್ದು. ಆ ಸರ್ವರ್ ಈ ತಂಡದ ಕೈಯಲ್ಲಿಲ್ಲ. ನೋಡಿಕೊಳ್ಳುವವರು ಬೇರೆ ಇನ್‌ಫ್ರಾ ತಂಡದವರು. ಅದು ಕೆಡದಂತೆ ನೋಡಿಕೊಳ್ಳುತ್ತೇನೆಂದು ಸ್ಕ್ರಮ್ ಮಾಸ್ಟರ್ ಒಪ್ಪಿಕೊಂಡರೆ ಕೈಲಾಗದ್ದಕ್ಕೆ ಮಾತು ಕೊಟ್ಟ ಹಾಗೆ. ಅವರಿಂದ ಆಗುವುದು ಕೇಳುವುದು ಮಾತ್ರ. ಹಾಗಾಗಿ ಕೇಳುವುದನ್ನೇ ಕೆಲಸವಾಗಿ ಬರೆಯಬೇಕು: “ಸರ್ವರ್ ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿನಲ್ಲಿ ಉತ್ತರ ಸಿಗುತ್ತದೆ ಎಂದು ಇನ್‌ಫ್ರಾ ತಂಡದೊಂದಿಗೆ ಕೂತು ಕೇಳಿ, ಉತ್ತರವನ್ನು ತಂಡದ ಪುಟದಲ್ಲಿ ಹಾಕುವುದು. ಹೊಣೆ: ಸ್ಕ್ರಮ್ ಮಾಸ್ಟರ್. ಗಡುವು: ಮಾರ್ಚ್ 20, ಗುರುವಾರ.” ಇನ್‌ಫ್ರಾದವರು “ಆಗಲ್ಲ” ಅಂದರೂ ಈ ಕೆಲಸ ಮುಗಿದಂತೆಯೇ, ಏಕೆಂದರೆ ಉತ್ತರ ಸಿಕ್ಕಿತು. ಮುಂದಿನ ಹೆಜ್ಜೆ ಏನೆಂಬುದು ಆಮೇಲಿನ ಮಾತು.

ಬೋರ್ಡಿನಲ್ಲಿ ಮೂರನೆಯ ದೂರೂ ಇತ್ತು: ಸ್ಪ್ರಿಂಟ್ ನಡುವೆ ಬೇಡಿಕೆ ಬದಲಾಯಿತು. ಅದನ್ನು ಈ ಸಲ ಪಟ್ಟಿಗೆ ತೆಗೆದುಕೊಳ್ಳಬಾರದು ಎಂಬುದು ನನ್ನ ಸಲಹೆ. ಎರಡು ವಾರದಲ್ಲಿ ಮಾಮೂಲಿ ಕೆಲಸದ ಜೊತೆಗೆ ಒಂದು ತಂಡ ನಿಜವಾಗಿ ಮಾಡಿ ಮುಗಿಸುವ ಸುಧಾರಣೆಗಳು ಒಂದು, ಹೆಚ್ಚೆಂದರೆ ಎರಡು. ಎಂಟು ಸಾಲಿನ ಪಟ್ಟಿಯಲ್ಲಿ ಸುಲಭದವು ಮುಗಿಯುತ್ತವೆ, ಬೇಕಾದವು ಉಳಿಯುತ್ತವೆ. ಮೂರನೆಯದನ್ನು ಬೇರೊಂದು ಕಡೆ ಬರೆದಿಟ್ಟರೆ ಸಾಕು. ನಿಜವಾದ ತೊಡಕಾಗಿದ್ದರೆ ಅದು ತಾನಾಗಿ ಮತ್ತೆ ಬೋರ್ಡಿಗೆ ಬರುತ್ತದೆ.

ಪಟ್ಟಿ ಎಲ್ಲಿರಬೇಕು ಎಂಬುದೂ ಮುಖ್ಯ. ಮೇಲ್‌ನಲ್ಲೋ ದಾಖಲೆಯ ಪುಟದಲ್ಲೋ ಇದ್ದರೆ ಅದನ್ನು ಮತ್ತೆ ತೆರೆಯುವುದು ಮುಂದಿನ ರೆಟ್ರೊದ ದಿನವೇ. ಉಳಿದ ಕೆಲಸಗಳ ಟಿಕೆಟ್‌ಗಳಿರುವ ಬೋರ್ಡಿನಲ್ಲೇ ಇವೂ ಟಿಕೆಟ್‌ಗಳಾಗಿ ಇದ್ದರೆ ದಿನಾ ಸ್ಟ್ಯಾಂಡಪ್‌ನಲ್ಲಿ ಕಣ್ಣಿಗೆ ಬೀಳುತ್ತವೆ. ಅವಕ್ಕೆ ಬೇಕಾದ ಗಂಟೆಗಳನ್ನೂ ಸ್ಪ್ರಿಂಟಿನ ಲೆಕ್ಕಕ್ಕೆ ಸೇರಿಸಬೇಕು. 2017ರ ಸ್ಕ್ರಮ್ ಗೈಡ್, ಹಿಂದಿನ ರೆಟ್ರೊದಲ್ಲಿ ಕಂಡುಕೊಂಡ ಒಂದು ಮುಖ್ಯ ಸುಧಾರಣೆಯಾದರೂ ಸ್ಪ್ರಿಂಟಿನ ಕೆಲಸದ ಪಟ್ಟಿಯಲ್ಲಿ ಇರಲೇಬೇಕು ಎಂದಿತ್ತು. 2020ರ ಪರಿಷ್ಕರಣೆಯಲ್ಲಿ ಅದನ್ನು ಸಡಿಲಿಸಿ, ಸೇರಿಸಬಹುದು ಎಂದರು. ಹೊಸದಾಗಿ ಶುರು ಮಾಡುವ ತಂಡಕ್ಕೆ ನಾನಂತೂ ಹಳೆಯ ಮಾತನ್ನೇ ಹೇಳುತ್ತೇನೆ. ಲೆಕ್ಕಕ್ಕೆ ಸೇರದ ಕೆಲಸ, ಒತ್ತಡದ ವಾರದಲ್ಲಿ ಮೊದಲು ಬಿದ್ದುಹೋಗುತ್ತದೆ.

ಮಾರ್ಚ್ 28ರ ರೆಟ್ರೊ ಹೊಸ ಚೀಟಿಗಳಿಂದ ಶುರುವಾಗಬಾರದು. ಮೊದಲ ಹತ್ತು ನಿಮಿಷ ಹಳೆಯ ಎರಡು ಸಾಲುಗಳಿಗೆ ಮೀಸಲು. ಆಗಿದೆಯೇ, ಆಗಿದ್ದರೆ ಫಲ ಏನು, ಆಗದಿದ್ದರೆ ಅಡ್ಡ ಬಂದದ್ದೇನು? ಆಗದ ಕೆಲಸದ ತಾರೀಕನ್ನು ಸದ್ದಿಲ್ಲದೆ ಮುಂದೂಡುವುದು ಈ ಪಟ್ಟಿಗಳಿಗೆ ಹತ್ತುವ ದೊಡ್ಡ ರೋಗ. ಹಳೆಯ ತಾರೀಕನ್ನು ಅಳಿಸದೆ ಅದರ ಪಕ್ಕದಲ್ಲೇ ಹೊಸದನ್ನು ಬರೆದರೆ ಎಷ್ಟನೇ ಸಲ ಮುಂದೆ ಹೋಗುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಎರಡು ಸಲ ಮುಂದೆ ಹೋದ ಕೆಲಸ ಒಂದೋ ತೀರಾ ದೊಡ್ಡದು, ಇಲ್ಲವೇ ಯಾರಿಗೂ ಬೇಡದ್ದು. ದೊಡ್ಡದಾದರೆ ಒಡೆದು, ಮೊದಲ ತುಂಡಿಗೆ ಮಾತ್ರ ಹೆಸರು, ತಾರೀಕು ಕೊಡಬೇಕು. ಬೇಡದ್ದಾದರೆ ಎಲ್ಲರ ಎದುರಿಗೇ ಕೈಬಿಟ್ಟು, ಕೈಬಿಟ್ಟಿದ್ದೇವೆಂದೇ ಬರೆಯಬೇಕು.